ಹೆದೆಯ ಹಿಂದಿನ ತೂಕ

1
ಭಾನುವಾರ ಬೆಳಿಗ್ಗೆ, ಕೆಂಗೇರಿ ಕಡೆಯ ಒಂದು ಮೈದಾನ. ವಿಜಯನಗರದಿಂದ ಮೆಟ್ರೊದಲ್ಲಿ ಬಂದ ಹುಡುಗಿ ಬೆನ್ನಿನ ಚೀಲದಿಂದ ಮೂರು ತುಂಡು ತೆಗೆದಳು. ನಡುವೆ ಹಿಡಿ, ಮೇಲೊಂದು ಕೆಳಗೊಂದು ಲಿಂಬ್. ಜೋಡಿಸಿ ಹೆದೆ ಏರಿಸಿದಳು. ಅದು ರಿಕರ್ವ್.
ರಾಜಾಜಿನಗರದಿಂದ ಸ್ಕೂಟರಿನಲ್ಲಿ ಬಂದವರು ಪೆಟ್ಟಿಗೆ ತೆರೆದರು. ಬಿಲ್ಲು ಹೆದೆ ಏರಿಸಿಕೊಂಡೇ ಮಲಗಿತ್ತು. ಅದು ಕಾಂಪೌಂಡ್. ಹೆದೆ ಇಳಿಸಬೇಕಾದರೆ ಅದನ್ನು ಪ್ರೆಸ್‌ಗೆ ಹಾಕಿ ಲಿಂಬ್‌ಗಳನ್ನು ಅದುಮಬೇಕಂತೆ.

2
ನನ್ನ ಹತ್ತಿರ ಲಗೇಜು ತೂಗುವ ಕೊಕ್ಕೆ ತಕ್ಕಡಿ ಇತ್ತು. ರಿಕರ್ವ್‌ನ ಹೆದೆಗೆ ಸಿಕ್ಕಿಸಿ ಎಳೆದೆವು. 24 ಇಂಚಿಗೆ ಹದಿಮೂರೂವರೆ ಕೆಜಿ. 26ಕ್ಕೆ ಹದಿನೈದೂವರೆ. 28ಕ್ಕೆ ಹದಿನೇಳು ದಾಟಿತು. ಎಳೆದಷ್ಟೂ ಏರುತ್ತದೆ, ಎಲ್ಲೂ ಇಳಿಯುವುದಿಲ್ಲ.
ಲಿಂಬ್ ಮೇಲೆ 38 ಎಂದು ಬರೆದಿದೆ. ಪೌಂಡು ಲೆಕ್ಕ, 28 ಇಂಚಿಗೆ. ಹುಡುಗಿ ಎಳೆಯುವುದು 26 ಇಂಚು. ಅವಳ ಪಾಲಿಗೆ ಅದು 34.

3
ಕಾಂಪೌಂಡ್‌ಗೆ ಅದೇ ತಕ್ಕಡಿ. ಮೊದಲ ಕೆಲವು ಇಂಚಿನಲ್ಲೇ ಮುಳ್ಳು 22 ಕೆಜಿ ದಾಟಿತು. ಸ್ವಲ್ಪ ದೂರ ಅಲ್ಲೇ ನಿಂತಿತು. ಕೊನೆಯಲ್ಲಿ ಸರ್ರನೆ ಏಳಕ್ಕೆ ಬಂತು. ಇನ್ನೂ ಎಳೆದರೆ ಗೋಡೆಗೆ ಎಳೆದ ಹಾಗೆ.
ಲಿಂಬ್‌ಗಳ ತುದಿಯಲ್ಲಿ ಕ್ಯಾಮ್ ಎಂಬ ಚಕ್ರಗಳಿವೆ. ಪೂರ್ತಿ ದುಂಡಗಿಲ್ಲ. ಸುತ್ತುತ್ತ ಸುತ್ತುತ್ತ ಹೆದೆಗೆ ಸನ್ನೆಯ ಉದ್ದ ಹೆಚ್ಚಾಗಿ, ಕೈಗೆ ತೂಕ ಕಡಿಮೆಯಾಗುತ್ತದೆ.

4
ಆ ಇಳಿತಕ್ಕೆ ಬಿಲ್ಲುಗಾರರು ಹೇಳುವುದು ಲೆಟ್-ಆಫ್. 50 ಪೌಂಡಿನ ಬಿಲ್ಲು, ಲೆಟ್-ಆಫ್ ಶೇ 70. ಹಿಡಿದು ನಿಲ್ಲಬೇಕಾದ್ದು 15 ಪೌಂಡು. ರಿಕರ್ವ್‌ಗೆ ಶೇಕಡಾವಾರು ಸೊನ್ನೆ.

5
ರಿಕರ್ವ್ ಅತಿ ಭಾರವಾಗುವುದು ಗುರಿ ಹಿಡಿದ ಹೊತ್ತಿನಲ್ಲಿ. ಕಾಂಪೌಂಡ್ ಅತಿ ಭಾರವಾಗುವುದು ಯಾರೂ ಗುರಿ ನೋಡದ ಹೊತ್ತಿನಲ್ಲಿ.

6
ಸ್ಕೂಟರಿನವರು ಪೂರ್ತಿ ಎಳೆದು, ಬಾಣ ಬಿಡದೆ ಹೆದೆಯನ್ನು ವಾಪಸ್ಸು ತಂದರು. ಏಳು ಕೆಜಿ ಇದ್ದದ್ದು ಒಂದೇ ಕ್ಷಣದಲ್ಲಿ ಇಪ್ಪತ್ತೆರಡಾಯಿತು. ಭುಜ ಮುಂದಕ್ಕೆ ಜಗ್ಗಿತು. "ಎಳೆಯೋದು ಸುಲಭ ಸರ್, ವಾಪಸ್ ಕೊಡೋದು ಕಷ್ಟ" ಅಂದರು.

7
ರಿಕರ್ವ್‌ನಲ್ಲಿ ಬಾಣದ ಮೇಲೆ ಕ್ಲಿಕ್ಕರ್ ಎಂಬ ತಗಡಿನ ಪಟ್ಟಿ. ಬಾಣದ ಮೊನೆ ಅದರಡಿಯಿಂದ ಜಾರಿದಾಗ 'ಟಿಕ್' ಎನ್ನುತ್ತದೆ. ಆಗ ಬಿಡಬೇಕು. ಕೊನೆಯ ಒಂದೆರಡು ಮಿಲಿಮೀಟರಿಗೆ ಹುಡುಗಿಯ ಬೆನ್ನು ನಡುಗಿತು.

8
ಹುಡುಗಿ ಹೆದೆ ಹಿಡಿದದ್ದು ಮೂರು ಬೆರಳಲ್ಲಿ. ಹೆಬ್ಬೆರಳಿಗೆ ಕೆಲಸವಿಲ್ಲ. ಸ್ಕೂಟರಿನವರ ಹೆದೆ ಹಿಡಿದದ್ದು ರಿಲೀಸ್ ಎಂಬ ಸಣ್ಣ ಕೊಕ್ಕೆ, ಅದರ ಗುಂಡಿ ಹೆಬ್ಬೆರಳಿಗೆ. ಏಕಲವ್ಯ ಯಾವುದನ್ನು ಹಿಡಿಯಬಹುದಿತ್ತು ಎಂದು ಲೆಕ್ಕ ಹಾಕಿದೆ.

9
ಬೆರಳಿನಿಂದ ಜಾರುವ ಹೆದೆ ನೇರ ಹೋಗುವುದಿಲ್ಲ, ಪಕ್ಕಕ್ಕೆ ಹೊರಳಿ ಹೋಗುತ್ತದೆ. ಬಾಣ ಎಡಕ್ಕೂ ಬಲಕ್ಕೂ ಬಳುಕುತ್ತ ಹಿಡಿಯನ್ನು ದಾಟುತ್ತದೆ. ಅದು ಒರಗುವ ಜಾಗದಲ್ಲಿ ಸ್ಪ್ರಿಂಗ್ ಇರುವ ಒಂದು ಗುಬುಟು, ಪ್ಲಂಜರ್. ಕೊಕ್ಕೆಯಿಂದ ಬಿಟ್ಟ ಬಾಣದ ಬಳುಕು ಹೆಚ್ಚಾಗಿ ಮೇಲೆ ಕೆಳಗೆ.

10
ರಿಕರ್ವ್ ಹದ ಮಾಡುವುದನ್ನು ನೋಡಿದೆ. 18 ಮೀಟರಿನಿಂದ ಗರಿ ಇರುವ ಮೂರು ಬಾಣ, ಗರಿ ಇಲ್ಲದ ಎರಡು. ಗರಿಯವು ಒಟ್ಟಿಗೆ ನಾಟಿದವು. ಬೋಳು ಬಾಣಗಳು ನಾಲ್ಕು ಬೆರಳು ಎಡಕ್ಕೆ. ಹುಡುಗಿ ಬಲಗೈಯವಳು. ಎಡಕ್ಕೆ ಹೋದರೆ ಬಾಣ ಈ ಬಿಲ್ಲಿಗೆ ಗಡುಸು ಎಂದು ಅರ್ಥ. ಪ್ಲಂಜರ್ ಸ್ಪ್ರಿಂಗ್ ಅರ್ಧ ಸುತ್ತು ಸಡಿಲ ಮಾಡಿದಳು. ಈಗ ಎರಡು ಬೆರಳು. ಇನ್ನರ್ಧ ಸುತ್ತು. ಐದೂ ಒಂದೇ ಕಡೆ.
ಗರಿ ತಪ್ಪನ್ನು ಮುಚ್ಚುತ್ತದೆ. ಅದಕ್ಕೇ ಬೋಳಿಸಿ ನೋಡುವುದು.

11
ಕಾಂಪೌಂಡ್ ಹದಕ್ಕೆ ಚೌಕಟ್ಟು, ಚೌಕಟ್ಟಿಗೆ ಹಿಂದಿನ ದಿನದ ಪತ್ರಿಕೆ. ಎರಡು ಮೀಟರಿನಿಂದ ಬಾಣ. ತೂತು ಕೆಳಗೆ, ಹರಕು ಮೇಲಕ್ಕೆ, ಒಂದು ಇಂಚು. ಬಾಣದ ಬಾಲ ಎತ್ತಿಕೊಂಡು ಹೋಗಿದೆ.
ಸ್ಕೂಟರಿನವರು ರೆಸ್ಟ್ ಮುಟ್ಟಲಿಲ್ಲ. ಬಿಲ್ಲು ಎಳೆದು, ಪಕ್ಕದವರಿಗೆ ಚಕ್ರ ನೋಡಲು ಹೇಳಿದರು. ಎರಡೂ ಕ್ಯಾಮ್ ಒಟ್ಟಿಗೆ ತಡೆ ಮುಟ್ಟಬೇಕು. ಒಂದು ಕೂದಲೆಳೆ ಮುಂಚೆ ಮುಟ್ಟುತ್ತಿತ್ತು. ಪ್ರೆಸ್‌ಗೆ ಹಾಕಿ ಒಂದು ಕೇಬಲ್‌ಗೆ ಎರಡು ಹುರಿ ಕೊಟ್ಟರು. ಮುಂದಿನ ತೂತು ದುಂಡಗೆ, ಸುತ್ತ ಮೂರು ಗರಿಯ ಗೀರು.

12
ಒಬ್ಬಳು ತನ್ನ ಬೆರಳಿಗೆ ಬಿಲ್ಲನ್ನು ಒಗ್ಗಿಸಿದಳು. ಒಬ್ಬರು ಒಂದು ಚಕ್ರವನ್ನು ಇನ್ನೊಂದಕ್ಕೆ ಒಗ್ಗಿಸಿದರು.

13
ರಿಕರ್ವ್ ಸ್ಪರ್ಧೆ 70 ಮೀಟರಿಗೆ, ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್. ಕಾಂಪೌಂಡ್ 50 ಮೀಟರಿಗೆ, ವೃತ್ತ 8 ಸೆಂಟಿಮೀಟರ್.

14
ಕಾಂಪೌಂಡ್‌ಗೆ ಅಮೆರಿಕದ ಹೊಲೆಸ್ ವಿಲ್ಬರ್ ಆಲೆನ್ ಪೇಟೆಂಟ್ ಪಡೆದದ್ದು 1969ರಲ್ಲಿ. ಒಲಿಂಪಿಕ್ಸ್‌ಗೆ ಅದು ಬರುವುದು 2028ಕ್ಕೆ, ಮಿಶ್ರ ತಂಡದಲ್ಲಿ ಮಾತ್ರ.

15
ಹತ್ತು ಗಂಟೆ. ಹುಡುಗಿ ಹೆದೆ ಇಳಿಸಿದಳು. ಲಿಂಬ್‌ಗಳ ತುದಿ ಮುಂದಕ್ಕೆ ಬಾಗಿ ನಿಂತವು. ಪೆಟ್ಟಿಗೆಯೊಳಗಿನ ಬಿಲ್ಲು ಬಿಗಿದುಕೊಂಡೇ ಸ್ಕೂಟರ್ ಹತ್ತಿತು.