ಸಾರಾಂಶದಲ್ಲಿ ಸಾರವೆಲ್ಲಿ?

ನಮ್ಮ ತಂಗಿಯ ಮಗಳು ಮೂರು ವರ್ಷಗಳ ಕಾಲ ರಾಗಿಯ ಮೇಲೆ ಸಂಶೋಧನೆ ನಡೆಸಿ ಮಹಾಪ್ರಬಂಧವನ್ನು ಬರೆದು ಮುಗಿಸಿದ್ದಳು. ಉಳಿದುದು ಒಂದು ಪುಟದ ಸಾರಾಂಶ ಮಾತ್ರ. ಅದನ್ನು ಅವಳ ಮಾರ್ಗದರ್ಶಕರು, “ಕಂಡುಕೊಂಡುದೇನೆಂಬುದು ತಿಳಿಯಲಿಲ್ಲ” ಎಂದು ಬರೆದು ಎರಡು ಸಲ ಹಿಂದಿರುಗಿಸಿದ್ದರು. ಒಪ್ಪಿಸಲು ಇನ್ನೆರಡೇ ದಿನಗಳಿರಲು, ಹುಡುಗಿಯು ಕಣ್ಣೀರು ತುಂಬಿಕೊಂಡು ನಮ್ಮಲ್ಲಿಗೆ ಬಂದಳು.

ನಾವು ಮೂರು ಬಣ್ಣದ ಕಡ್ಡಿಗಳನ್ನು ತಂದು, ಉದ್ದೇಶವನ್ನು ಹೇಳುವ ಮಾತಿಗೆ ಕೆಂಪು, ವಿಧಾನಕ್ಕೆ ನೀಲಿ, ಫಲಕ್ಕೆ ಹಸುರು ಗೆರೆಯನ್ನೆಳೆಯಲು ಹೇಳಿದೆವು. ಇದ್ದುದು ಹದಿನಾಲ್ಕು ವಾಕ್ಯಗಳು. ರಾಗಿಯ ಹಿರಿಮೆಯನ್ನು ಹೊಗಳಿದ ಮೊದಲ ಐದಕ್ಕೆ ಬಣ್ಣವೇ ಬೀಳಲಿಲ್ಲ. ನೀಲಿಯು ಎರಡು ಕಡೆಗೆ ಹರಿದುಹೋಗಿತ್ತು. ಕೆಂಪು ಅದರ ತರುವಾಯ ಬಂದಿತ್ತು. ಹಸುರಾದರೋ ಹನ್ನೊಂದನೆಯ ವಾಕ್ಯದ ನಡುವೆ ಅಡಗಿತ್ತು. ರೋಗ ಯಾವುದೆಂದು ಅವಳಿಗೇ ಗೋಚರವಾಯಿತು.

“ಮಾವ, ಆ ಐದು ವಾಕ್ಯಗಳಿಗಾಗಿ ಎಷ್ಟು ಓದಿದ್ದೇನೆ!” ಎಂದಳು.

“ಅವು ಮೊದಲನೆಯ ಅಧ್ಯಾಯದಲ್ಲಿ ಇದ್ದೇ ಇವೆಯಮ್ಮ. ಈಗ ಹಾಳೆಯನ್ನು ಮುಚ್ಚಿಡು. ನೀನು ತಿಳಿಯಬಯಸಿದುದೇನು? ಮಾಡಿದುದೇನು? ಕಂಡುದೇನು? ಬಾಯಲ್ಲಿ ಹೇಳು” ಎಂದೆವು. ಅವಳು ಹೇಳಿದಂತೆ ಬರೆದುಕೊಂಡೆವು:

“ಮೊಳಕೆ ಬರಿಸಿದರೆ ರಾಗಿಯಲ್ಲಿನ ಫೈಟಿಕ್ ಆಮ್ಲವು ಕಡಿಮೆಯಾಗುವುದೇ ಎಂದು ತಿಳಿಯುವುದು ಈ ಸಂಶೋಧನೆಯ ಉದ್ದೇಶ. ಒಂದೇ ತಳಿಯ ರಾಗಿಯನ್ನು 12 ಗಂಟೆ ನೆನೆಸಿ, 24, 48 ಮತ್ತು 72 ಗಂಟೆಗಳ ಕಾಲ ಮೊಳಕೆ ಬರಿಸಿ, ಒಣಗಿಸಿ, ಹಿಟ್ಟು ಮಾಡಿ, ಅದರಲ್ಲಿನ ಆಮ್ಲವನ್ನು ಮೊಳಕೆ ಬರಿಸದ ಹಿಟ್ಟಿನಲ್ಲಿರುವುದರೊಡನೆ ಹೋಲಿಸಲಾಯಿತು. ಮೊಳಕೆಯ ಕಾಲವು ಹೆಚ್ಚಿದಂತೆಲ್ಲ ಆಮ್ಲವು ಇಳಿಯಿತು. 72 ಗಂಟೆಗಳಲ್ಲಿ ಎಲ್ಲಕ್ಕಿಂತ ಕಡಿಮೆಯಾಯಿತು.”

ಹಳೆಯ ಪುಟದಲ್ಲಿ ಫಲವು “ಗಣನೀಯ” ಎಂಬ ಒಂದು ಮಾತಿನಲ್ಲಿ ಮುಗಿದಿತ್ತು. ಗಣನೀಯವೆಂದರೆ ಎಷ್ಟು? ಅದನ್ನು ಹೊಡೆದುಹಾಕಿ, ನೂರಕ್ಕೆ ಎಷ್ಟು ಇಳಿಯಿತೆಂಬುದನ್ನು ಪ್ರಬಂಧದ ಕೋಷ್ಟಕದಿಂದ ತೆಗೆದು ಅದರ ಸ್ಥಾನದಲ್ಲಿ ಸೇರಿಸಿದಳು.

ಕಡೆಯ ವಾಕ್ಯವೊಂದು ಉಳಿದಿತ್ತು: “ಇದರಿಂದ ಸ್ತ್ರೀಯರ ರಕ್ತಹೀನತೆಯು ನಿವಾರಣೆಯಾಗುವುದು.” ಅದನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ, ಆ ಆಸೆಯಿಂದಲೇ ಅವಳು ಈ ವಿಷಯವನ್ನು ಆರಿಸಿಕೊಂಡಿದ್ದಳು. ಫೈಟಿಕ್ ಆಮ್ಲವು ಕಬ್ಬಿಣವನ್ನು ಹಿಡಿದಿಟ್ಟು, ಅದು ಮೈಗೆ ಹತ್ತದಂತೆ ಮಾಡುವುದು ನಿಜ. ಆದರೆ ಅವಳು ಅಳೆದುದು ಹಿಟ್ಟನ್ನು. ಯಾರ ರಕ್ತವನ್ನೂ ಅಲ್ಲ. ನೀಲಿ ಗೆರೆಯಲ್ಲಿ ಇಲ್ಲದುದು ಹಸುರು ಗೆರೆಯಲ್ಲಿ ಎಲ್ಲಿಂದ ಬಂದೀತು? ಪರೀಕ್ಷಕರು ಮೊದಲು ಕೇಳುವ ಪ್ರಶ್ನೆಯೇ ಅದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಬ್ಬಿಣವು ಮೈಗೆ ಹೆಚ್ಚಾಗಿ ಹತ್ತುವುದೇ ಎಂಬುದನ್ನು ಮುಂದೆ ಪರೀಕ್ಷಿಸಬೇಕಾಗಿದೆ” ಎಂದು ತಾನೇ ತಿದ್ದಿದಳು.

ಹೊಸ ಸಾರಾಂಶವು ಹಳೆಯದರ ಮೂರನೆಯ ಒಂದು ಪಾಲಿನಷ್ಟಾಯಿತು. ರಾಗಿಯ ವಿಚಾರವನ್ನು ಒಲೆಯ ಮುಂದೆ ಮಾತ್ರ ಬಲ್ಲ ನಮ್ಮ ತಂಗಿಗೆ ಓದಿ ಹೇಳಿದೆವು. “ಹಾಗಾದರೆ ಮೂರು ದಿನ ಮೊಳಕೆ ಕಟ್ಟಬೇಕೆನ್ನು” ಎಂದಳು. ಮಗಳು ಕಂಡುಕೊಂಡುದೇನೆಂಬುದು ತಾಯಿಗೆ ಅಂದು ತಿಳಿಯಿತು.