ಒಬ್ಬನೇ ಮನುಷ್ಯ, ಮೂರು ಪ್ರಬಂಧಗಳು

"ಫಾದರ್, ಓದಲು ಏನಾದರೂ ಹೇಳಿ. ಚಿಕ್ಕದಾಗಿರಬೇಕು, ದಿನನಿತ್ಯದ ಬದುಕಿನ ವಿಷಯವಿರಬೇಕು, ಓದಿ ಮುಗಿಸಿದ ಮೇಲೆ ಸ್ವಲ್ಪ ಯೋಚನೆಗೆ ಹಚ್ಚಬೇಕು" ಎಂದು ಕೇಳುವವರು ನಮ್ಮ ಧರ್ಮಕೇಂದ್ರಗಳಲ್ಲಿ ಹಲವರಿದ್ದಾರೆ. ಮನೆಗೆಲಸ ಮುಗಿದು ನಿದ್ದೆ ಬರುವ ಮುನ್ನ ಅವರಿಗೆ ಸಿಗುವುದು ಹದಿನೈದು ನಿಮಿಷ. ಅಂಥವರಿಗೆ ನಾನು ಮೊದಲು ಹೇಳುವುದು ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' ಮತ್ತು ಎ.ಎನ್. ಮೂರ್ತಿರಾವ್ ಅವರ 'ಹಗಲುಗನಸುಗಳು'. ಇಂಗ್ಲಿಷ್ ಓದಬಲ್ಲವರಾದರೆ, ಈ ಬಗೆಯ ಬರವಣಿಗೆಗೆಲ್ಲ ಮೂಲಪುರುಷನಾದ ಫ್ರಾನ್ಸ್ ದೇಶದ ಮಾಂಟೇನ್‌ನ ಹೆಸರನ್ನೂ ಸೇರಿಸುತ್ತೇನೆ. ಆದರೆ ಪುಸ್ತಕದ ಹೆಸರು ಹೇಳಿದರೆ ಸಾಲದು; ಪ್ರಬಂಧ ಸಂಕಲನವನ್ನು ಓದುವುದಕ್ಕೂ ಒಂದು ಕ್ರಮವಿದೆ. ಅದನ್ನು ಮಾಂಟೇನ್‌ನ ಪುಸ್ತಕದ ಮೂಲಕವೇ ವಿವರಿಸಬಯಸುತ್ತೇನೆ.

ಮಾಂಟೇನ್ ಹುಟ್ಟಿದ್ದು 1533ರಲ್ಲಿ, ಬೋರ್ಡೊ ನಗರಕ್ಕೆ ಸಮೀಪದ ಒಂದು ಜಮೀನ್ದಾರಿ ಮನೆತನದಲ್ಲಿ. ಕೆಲವು ವರ್ಷ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದು, 1571ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ತನ್ನ ಮನೆಯ ಗೋಪುರಕ್ಕೆ ಹಿಂದಿರುಗಿದ. ಆ ಗೋಪುರದ ಕೆಳಗೆ ಪ್ರಾರ್ಥನಾಲಯ, ನಡುವೆ ಮಲಗುವ ಕೋಣೆ, ಮೇಲೆ ಪುಸ್ತಕ ಭಂಡಾರ. ಅಲ್ಲಿ ಕುಳಿತು ಅವನು ಬರೆದ ಬರಹಗಳಿಗೆ 'ಎಸೇ' ಎಂದು ಹೆಸರಿಟ್ಟ. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಪ್ರಯತ್ನ, ಪರೀಕ್ಷೆ ಎಂಬ ಅರ್ಥಗಳಿವೆ. ಅಕ್ಕಸಾಲಿಗನು ಚಿನ್ನವನ್ನು ಪರೀಕ್ಷಿಸುವುದಕ್ಕೂ ಅದೇ ಮಾತು. ನಮ್ಮ 'ಪ್ರಬಂಧ'ವೆಂಬ ಪದ ಚೆನ್ನಾಗಿ ಕಟ್ಟಿದ್ದನ್ನು ಸೂಚಿಸಿದರೆ, ಅವನ ಪದ ಒರೆಗೆ ಹಚ್ಚಿ ನೋಡುವುದನ್ನು ಸೂಚಿಸುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವನ ಪುಸ್ತಕ ಸುಲಭವಾಗುತ್ತದೆ.

ಇಲ್ಲದಿದ್ದರೆ ಆಗುವುದೇನು? ಓದುಗರು ಕಾದಂಬರಿಯಂತೆ ಮೊದಲ ಪುಟದಿಂದ ಆರಂಭಿಸುತ್ತಾರೆ. ಒಟ್ಟು ಮೂರು ಸಂಪುಟ, ನೂರ ಏಳು ಪ್ರಬಂಧಗಳು. ಮೊದಮೊದಲಿನ ಬರಹಗಳಲ್ಲಿ ಹಳೆಯ ರೋಮಿನ ಸೇನಾನಿಗಳ ಕಥೆಗಳೇ ಹೆಚ್ಚು; ಬರೆದವನ ಮುಖ ಕಾಣುವುದು ಕಡಿಮೆ. ಹತ್ತು ಪ್ರಬಂಧ ಓದುವಷ್ಟರಲ್ಲಿ ಬೇಸರ ಬಂದು ಪುಸ್ತಕ ಕಪಾಟು ಸೇರುತ್ತದೆ. ಶೀರ್ಷಿಕೆ ನೋಡಿ ಆರಿಸಿಕೊಳ್ಳೋಣವೆಂದರೆ ಅದೂ ದಾರಿ ತಪ್ಪಿಸುತ್ತದೆ. 'ಗಾಡಿಗಳನ್ನು ಕುರಿತು' ಎಂಬ ಪ್ರಬಂಧ ಗಾಡಿಯಲ್ಲಿ ಆರಂಭವಾಗಿ, ಸ್ಪೇನಿನವರು ಮೆಕ್ಸಿಕೊ ಮತ್ತು ಪೆರು ದೇಶಗಳಲ್ಲಿ ನಡೆಸಿದ ಕ್ರೌರ್ಯಕ್ಕೆ ಹೋಗಿ ನಿಲ್ಲುತ್ತದೆ. ಆದ್ದರಿಂದ ನಾನು ಸೂಚಿಸುವ ದಾರಿ ಬೇರೆ: ಒಂದೇ ವಿಷಯದ ಮೂರು ಪ್ರಬಂಧಗಳನ್ನು ಮೂರು ಸಂಪುಟಗಳಿಂದ ಆರಿಸಿಕೊಂಡು, ಬರೆದ ಕ್ರಮದಲ್ಲಿ ಓದುವುದು. ಮರಣದ ವಿಷಯವನ್ನೇ ತೆಗೆದುಕೊಳ್ಳೋಣ. ಅದಕ್ಕಿಂತ ದಿನನಿತ್ಯದ ವಿಷಯ ಗುರುಗಳಾದ ನಮಗೆ ಬೇರೊಂದಿಲ್ಲ.

ಮೊದಲನೆಯದು ಮೊದಲ ಸಂಪುಟದ ಇಪ್ಪತ್ತನೆಯ ಪ್ರಬಂಧ. ತತ್ತ್ವಚಿಂತನೆ ಎಂದರೆ ಸಾಯುವುದನ್ನು ಕಲಿಯುವುದು ಎಂಬುದು ಅದರ ತಲೆಬರಹದ ಆಶಯ. ಮೂವತ್ತೊಂಬತ್ತು ತುಂಬಿ ಹದಿನೈದು ದಿನವಾಯಿತೆಂದು ಅವನೇ ಅದರಲ್ಲಿ ಹೇಳಿಕೊಂಡಿದ್ದಾನೆ. ಆ ಹೊತ್ತಿಗೆ ಅವನು ಪ್ರಾಣಸ್ನೇಹಿತನನ್ನೂ ತಂದೆಯನ್ನೂ ಎರಡು ತಿಂಗಳ ಚೊಚ್ಚಲ ಮಗಳನ್ನೂ ಕಳೆದುಕೊಂಡಿದ್ದ. ಇಪ್ಪತ್ತಮೂರು ವಯಸ್ಸಿನ ತಮ್ಮನೊಬ್ಬನಿಗೆ ಆಟವಾಡುವಾಗ ಚೆಂಡು ಕಿವಿಯ ಮೇಲ್ಭಾಗಕ್ಕೆ ತಗುಲಿತು. ಗಾಯವೂ ಕಾಣಿಸಲಿಲ್ಲ, ಐದಾರು ಗಂಟೆಯಲ್ಲಿ ತೀರಿಕೊಂಡ. ಹೀಗಿರುವಾಗ ಮಾಂಟೇನ್ ತೆಗೆದುಕೊಂಡ ನಿಲುವು ಕಠಿಣವಾದದ್ದು: ಸಾವು ಎಲ್ಲಿ ಕಾದಿದೆಯೋ ತಿಳಿಯದು, ಆದ್ದರಿಂದ ನಾವೇ ಎಲ್ಲೆಡೆ ಅದನ್ನು ಕಾಯಬೇಕು; ಕುದುರೆ ಎಡವಿದಾಗ, ಹೆಂಚು ಬಿದ್ದಾಗ, ಹಬ್ಬದೂಟದ ನಡುವೆಯೂ ಅದನ್ನು ನೆನೆಯಬೇಕು. ಬರಹ ಗಟ್ಟಿಯಾಗಿದೆ. ಆದರೆ ಅದರ ಒಳಗೆ ಹೆದರಿದ ಮನುಷ್ಯನೊಬ್ಬ ಹಲ್ಲು ಕಚ್ಚಿಕೊಂಡು ಕುಳಿತಿದ್ದಾನೆಂದು ನನಗೆ ಅನಿಸುತ್ತದೆ.

ಎರಡನೆಯದು ಎರಡನೆಯ ಸಂಪುಟದ ಆರನೆಯ ಪ್ರಬಂಧ, ಅಭ್ಯಾಸವನ್ನು ಕುರಿತದ್ದು. ಇಲ್ಲಿ ಉಪದೇಶವಿಲ್ಲ, ಒಂದು ಅವಘಡವಿದೆ. ಮನೆಯಿಂದ ಹೆಚ್ಚು ದೂರವಿಲ್ಲದ ಕಡೆ ಅವನು ಚಿಕ್ಕ ಕುದುರೆಯ ಮೇಲೆ ಹೋಗುತ್ತಿದ್ದಾಗ, ಅವನ ಆಳುಗಳಲ್ಲೊಬ್ಬ ಬಲವಾದ ಕುದುರೆಯನ್ನು ಓಡಿಸಿಕೊಂಡು ಬಂದು ಹಿಂದಿನಿಂದ ಡಿಕ್ಕಿ ಹೊಡೆದ. ಮಾಂಟೇನ್ ಹತ್ತು ಹನ್ನೆರಡು ಹೆಜ್ಜೆ ಆಚೆಗೆ ಎಸೆಯಲ್ಪಟ್ಟು ನಿಶ್ಚೇಷ್ಟಿತನಾಗಿ ಬಿದ್ದ. ಸತ್ತನೆಂದೇ ತಿಳಿದು ಹೊತ್ತುಕೊಂಡು ಹೊರಟರು. ದಾರಿಯಲ್ಲಿ ಅವನು ಬಹಳಷ್ಟು ರಕ್ತ ಕಾರಿದ. ನೋಡುವವರಿಗೆ ಅವನು ಉಗುರುಗಳಿಂದ ಅಂಗಿಯನ್ನು ಕಿತ್ತುಕೊಳ್ಳುತ್ತ ಒದ್ದಾಡುವಂತೆ ಕಂಡಿತು. ಆದರೆ ಅವನ ಒಳಗಿನ ಅನುಭವವೇ ಬೇರೆ. ಪ್ರಾಣ ತುಟಿಯ ತುದಿಯಲ್ಲಿ ಮಾತ್ರ ಉಳಿದಿದೆ ಎಂದೆನಿಸಿ, ಅದನ್ನು ಹೊರಗೆ ಕಳಿಸಲು ಸಹಾಯವಾಗಲೆಂದು ಅವನು ಕಣ್ಣು ಮುಚ್ಚಿದ. ಅದು ನಿದ್ದೆಗೆ ಜಾರುವವನ ಸುಖದಂತಿತ್ತು. ಎದುರು ಬಂದ ಹೆಂಡತಿ ಕಷ್ಟಪಟ್ಟು ನಡೆಯುತ್ತಿದ್ದುದನ್ನು ನೋಡಿ ಅವಳಿಗೊಂದು ಕುದುರೆ ಕೊಡಿ ಎಂದು ಆಜ್ಞೆಯನ್ನೂ ಮಾಡಿದನಂತೆ. ಅದರ ಅರಿವೇ ಅವನಿಗಿರಲಿಲ್ಲ. ನೋವು ಆರಂಭವಾದದ್ದು ಎರಡು ಮೂರು ಗಂಟೆ ಕಳೆದು, ಜೀವ ಮರಳಿದ ಮೇಲೆ.

ಗಮನಿಸಬೇಕಾದ ಅಂಶವೊಂದಿದೆ. ಈ ಅವಘಡ ನಡೆದದ್ದು ಮೊದಲ ಪ್ರಬಂಧ ಬರೆಯುವುದಕ್ಕಿಂತ ಮುಂಚೆ. ಆದರೂ ಆ ಪ್ರಬಂಧದಲ್ಲಿ ಅದರ ಪಾಠ ಕಾಣಿಸುವುದಿಲ್ಲ. ಅನುಭವವೊಂದು ಆಲೋಚನೆಯಾಗಿ ಮಾಗಲು ಅವನಿಗೆ ವರ್ಷಗಳೇ ಬೇಕಾದವು.

ಮೂರನೆಯದು ಮೂರನೆಯ ಸಂಪುಟದ ಹನ್ನೆರಡನೆಯ ಪ್ರಬಂಧ. ಮುಖಲಕ್ಷಣವನ್ನು ಕುರಿತದ್ದು, 1588ರಲ್ಲಿ ಪ್ರಕಟವಾದದ್ದು. ಅಷ್ಟರಲ್ಲಿ ಅವನಿಗೆ ಐವತ್ತು ದಾಟಿತ್ತು. 1585ರಲ್ಲಿ ಪ್ಲೇಗು ಅವನ ಊರಿಗೆ ಬಂದಿತು. ಕುಟುಂಬವನ್ನು ಕರೆದುಕೊಂಡು ಆರು ತಿಂಗಳು ಅಲೆದ. ಅತಿಥಿ ಸತ್ಕಾರಕ್ಕೆ ಹೆಸರಾದವನಿಗೇ ಯಾರೂ ಸುಲಭವಾಗಿ ಬಾಗಿಲು ತೆರೆಯಲಿಲ್ಲ. ಅತ್ತ ಹಳ್ಳಿಯಲ್ಲಿ ದ್ರಾಕ್ಷಿ ಬಳ್ಳಿಯಲ್ಲೇ ಉಳಿಯಿತು. ಬಡ ರೈತರು ಅಬ್ಬರವಿಲ್ಲದೆ ಸಾವನ್ನು ಸ್ವೀಕರಿಸಿದರು. ಕೆಲವರು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡರು. ಅವನ ಕೂಲಿಯಾಳೊಬ್ಬ ಸಾಯುವಾಗ ಕೈಕಾಲುಗಳಿಂದ ಮಣ್ಣನ್ನು ಮೈಮೇಲೆ ಎಳೆದುಕೊಂಡ. ಇದನ್ನು ಕಂಡ ಮಾಂಟೇನ್ ತನ್ನ ಹಳೆಯ ಸಿದ್ಧಾಂತವನ್ನೇ ತಿರುಗಿಸಿದ. ಸಾಯುವುದು ತಿಳಿಯದಿದ್ದರೆ ಚಿಂತೆ ಬೇಡ, ಆ ಹೊತ್ತಿಗೆ ಪ್ರಕೃತಿಯೇ ಕಲಿಸೀತು. ಸಾವು ಬದುಕಿನ ಕೊನೆಯೇ ಹೊರತು ಅದರ ಗುರಿಯಲ್ಲ ಎಂಬುದು ಈಗಿನ ಅವನ ಅಭಿಪ್ರಾಯ.

ಆಯ್ದ ಪ್ರಬಂಧಗಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೊದಲನೆಯದು. ಅದೊಂದನ್ನೇ ಓದಿದವರು ಮಾಂಟೇನ್ ಎಂದರೆ ಸದಾ ಸಾವನ್ನು ಧ್ಯಾನಿಸುವವನು ಎಂದುಕೊಳ್ಳುತ್ತಾರೆ. ಹಲವು ಲೇಖಕರಿಂದ ಆಯ್ದ ಸಂಕಲನಕ್ಕೂ ಒಬ್ಬನೇ ಲೇಖಕನ ಸಂಕಲನಕ್ಕೂ ಇರುವ ಅಂತರವೇ ಇದು. ಮೊದಲನೆಯದು ಅಭಿಪ್ರಾಯಗಳನ್ನು ಕೊಡುತ್ತದೆ. ಎರಡನೆಯದು ಅಭಿಪ್ರಾಯ ಬದಲಾಗುವ ಬಗೆಯನ್ನು ತೋರಿಸುತ್ತದೆ. ಮಾಂಟೇನ್ ಹಳೆಯದನ್ನು ಅಳಿಸಿಹಾಕಲಿಲ್ಲ, ಅದರ ಪಕ್ಕದಲ್ಲೇ ಹೊಸದನ್ನು ಸೇರಿಸುತ್ತ ಹೋದ. ಅವನು ಅಂಚುಗಳಲ್ಲಿ ತನ್ನ ಕೈಯಾರೆ ಬರೆದ ಪ್ರತಿ ಇಂದಿಗೂ ಬೋರ್ಡೊ ನಗರದಲ್ಲಿದೆ. ಎಂ.ಎ. ಸ್ಕ್ರೀಚ್ ಅವರ ಇಂಗ್ಲಿಷ್ ಅನುವಾದದಲ್ಲಿ ಎ, ಬಿ, ಸಿ ಎಂಬ ಗುರುತುಗಳು ಕಾಣುತ್ತವೆ. ಎ ಎಂದರೆ 1588ಕ್ಕೆ ಮೊದಲಿನ ಬರಹ, ಬಿ ಎಂದರೆ 1588ರ ಸೇರ್ಪಡೆ, ಸಿ ಎಂದರೆ ಆ ಮೇಲಿನದು. ಒಂದೇ ಪುಟದಲ್ಲಿ ವಾಕ್ಯಗಳು ಒಂದಕ್ಕೊಂದು ಹೊಂದುತ್ತಿಲ್ಲವೆನಿಸಿದಾಗ ಈ ಅಕ್ಷರಗಳನ್ನು ನೋಡಿರಿ. ಎರಡು ವಾಕ್ಯಗಳ ನಡುವೆ ಹದಿನೈದು ವರ್ಷಗಳು ಕಳೆದಿರಬಹುದು.

ಹಾಸಿಗೆ ಹಿಡಿದ ಪತ್ನಿಯನ್ನು ನೋಡಿಕೊಳ್ಳುತ್ತಿದ್ದ ನಿವೃತ್ತ ಅಧ್ಯಾಪಕರೊಬ್ಬರಿಗೆ ಈ ಮೂರನ್ನೂ ಇದೇ ಕ್ರಮದಲ್ಲಿ ಓದಲು ಕೊಟ್ಟಿದ್ದೆ. ಮುಂದಿನ ಬಾರಿ ಪರಮಪ್ರಸಾದ ಕೊಡಲು ಹೋದಾಗ ಅವರು ಹೇಳಿದರು: "ಫಾದರ್, ಮೂರನೆಯದು ನಮ್ಮಮ್ಮನಿಗೆ ಸರಿ. ಅವರು ಯಾವ ಪುಸ್ತಕವನ್ನೂ ಓದದೆ ನೆಮ್ಮದಿಯಿಂದ ಹೋದರು. ನಾನು ಇನ್ನೂ ಮೊದಲನೆಯದರಲ್ಲೇ ಇದ್ದೇನೆ. ಎರಡನೆಯದು ಮಾತ್ರ ಇವಳ ಪಕ್ಕ ಕೂತಾಗ ನೆನಪಾಗುತ್ತದೆ. ಹೊರಗಿನಿಂದ ನಮಗೆ ಕಾಣುವ ಒದ್ದಾಟವೆಲ್ಲ ಒಳಗೆ ಅವಳಿಗೆ ನೋವಾಗಿರಲಿಕ್ಕಿಲ್ಲ, ಅಲ್ಲವೇ?" ಅವರಿಗೆ ನಾನು ಖಚಿತವಾದ ಉತ್ತರ ಕೊಡಲಿಲ್ಲ. ಒಬ್ಬನ ಅನುಭವ ಎಲ್ಲರ ಅನುಭವವಲ್ಲ; ಮಾಂಟೇನ್‌ನೂ ತನಗಾದದ್ದನ್ನಷ್ಟೇ ಹೇಳಿದ್ದಾನೆ. ಆದರೆ ಅವರ ಪ್ರಶ್ನೆ ಸರಿಯಾದ ಓದಿನಿಂದ ಹುಟ್ಟಿದ್ದು.

ಈ ಪುಸ್ತಕವನ್ನು ನಾವು ಓದಬಹುದೇ ಎಂದು ಕೆಲವರು ಕೇಳುವುದುಂಟು. 1581ರಲ್ಲಿ ಮಾಂಟೇನ್ ರೋಮಿನಲ್ಲಿದ್ದಾಗ ಪೋಪರ ಆಸ್ಥಾನದ ಪರಿಶೀಲಕರು ಅದನ್ನು ನೋಡಿ, 'ಅದೃಷ್ಟ' ಎಂಬ ಪದದ ಬಳಕೆಯೂ ಸೇರಿದಂತೆ ಕೆಲವು ಆಕ್ಷೇಪಗಳನ್ನು ತಿಳಿಸಿ, ತಿದ್ದುವುದನ್ನು ಅವನ ಆತ್ಮಸಾಕ್ಷಿಗೇ ಬಿಟ್ಟರು. ಅವನು ಸತ್ತು ಬಹುಕಾಲದ ನಂತರ, 1676ರಲ್ಲಿ, ಪುಸ್ತಕ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿತು. ಆ ಪಟ್ಟಿಯೇ 1966ರಲ್ಲಿ ರದ್ದಾಯಿತು. ಅವನಾದರೋ 1592ರಲ್ಲಿ ತನ್ನ ಕೋಣೆಯಲ್ಲಿ ಬಲಿಪೂಜೆ ನಡೆಯುತ್ತಿರುವಾಗಲೇ ಪ್ರಾಣಬಿಟ್ಟನೆಂದು ಸಮಕಾಲೀನ ಮಿತ್ರನೊಬ್ಬ ಬರೆದಿಟ್ಟಿದ್ದಾನೆ.

ಕನ್ನಡದ ಸಂಕಲನಗಳನ್ನೂ ಹೀಗೆ ಓದಬಹುದು. 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿದ ಮೂರ್ತಿರಾಯರು 'ಹಗಲುಗನಸುಗಳು' ಪ್ರಕಟಿಸಿದ್ದು 1937ರಲ್ಲಿ, 'ದೇವರು' ಎಂಬ ಕೃತಿಯನ್ನು 1991ರಲ್ಲಿ. ಆ ಎರಡನೆಯದರ ತೀರ್ಮಾನವನ್ನು ನಾನು ಒಪ್ಪಲಾರೆ. ಆದರೂ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ದೀರ್ಘ ಬದುಕಿನ ಯೋಚನೆಯ ದಾರಿ ಕಾಣುತ್ತದೆ.

ಸಾವಿನ ವಿಷಯ ಭಾರವೆನಿಸಿದವರು ಮಾಂಟೇನ್‌ನ ಕೊನೆಯ ಪ್ರಬಂಧಕ್ಕೆ ನೇರವಾಗಿ ಹೋಗಬಹುದು. ಅದು ಅನುಭವವನ್ನು ಕುರಿತದ್ದು. ಉದ್ದವಾಗಿದೆ, ಆದ್ದರಿಂದ ನಾಲ್ಕೈದು ರಾತ್ರಿಗಳಿಗೆ ಹಂಚಿಕೊಳ್ಳಿರಿ. ಅದರಲ್ಲಿ ಅವನು ತನ್ನ ಮೂತ್ರಕಲ್ಲಿನ ನೋವನ್ನೂ, ಅವಸರದಲ್ಲಿ ಉಣ್ಣುವಾಗ ನಾಲಿಗೆ ಬೆರಳು ಕಚ್ಚಿಕೊಳ್ಳುವುದನ್ನೂ ಹೇಳುತ್ತಾನೆ. ಮೂಲಂಗಿ ಮೊದಲು ತನ್ನ ಮೈಗೆ ಒಗ್ಗುತ್ತಿತ್ತು, ಆಮೇಲೆ ಒಗ್ಗಲಿಲ್ಲ, ಈಗ ಮತ್ತೆ ಒಗ್ಗುತ್ತಿದೆ ಎಂಬುದನ್ನೂ ಮರೆಯದೆ ದಾಖಲಿಸಿದ್ದಾನೆ.