ಅಪ್ಪ ಕಾದ ನೀರು

ಕವಿಗೋಷ್ಠಿಗೆ ಬಂದ ಕವಿತೆಗಳನ್ನು ತಿದ್ದಲು ಕೂತಾಗ ನಮ್ಮ ಸಂಘದಲ್ಲಿ ಅರ್ಧ ಸಂಜೆ ಒಂದೇ ಸಾಲಿಗೆ ಹೋಯಿತು. ಬರೆದವನು ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಕಡೆಯ ನಮ್ಮ ಗೆಳೆಯ. ಸಾಲು ಇದು: 'ರಾತ್ರಿಯೆಲ್ಲ ಅಪ್ಪ ಕಾದ ನೀರು'.

ನಮ್ಮಲ್ಲಿ ಕೆಲವರು ಇದನ್ನು 'ಅಪ್ಪ ಯಾವ ನೀರಿಗಾಗಿ ಕಾದನೋ ಆ ನೀರು' ಎಂದು ಓದಿದೆವು. ಉಳಿದವರು 'ಅಪ್ಪ ಯಾವ ನೀರನ್ನು ಕಾವಲು ಕಾದನೋ ಆ ನೀರು' ಎಂದು ಓದಿದೆವು. ಮೊದಲನೆಯದರಲ್ಲಿ ನೀರು ಇನ್ನೂ ಬಂದಿಲ್ಲ, ಎರಡನೆಯದರಲ್ಲಿ ಬಂದಾಗಿದೆ. ಯಾವುದು ಸರಿ ಅಂತ ಕೇಳಿದರೆ ಗೆಳೆಯ ಹೇಳಿದ್ದು ಇಷ್ಟೇ: "ನೀರು ಬರೋಗಂಟ ಕಾಯ್ಬೇಕು, ಬಂದ್ಮೇಲೂ ಕಾಯ್ಬೇಕು ಕನ್ರೋ. ನಾನ್ ಯಾವ್ದನ್ನ ಬುಡ್ಲಿ?"

ಇದು ಬರೀ ಹಟವೋ, ಕವಿತೆಯ ಕೆಲಸವೋ ಎಂದು ನೋಡಲು ಮೊದಲು ವ್ಯಾಕರಣ ಹಿಡಿದೆವು. 'ನೀರಿಗೆ ಕಾದ' ಅಂದರೆ ಎದುರುನೋಡಿದ. 'ನೀರನ್ನು ಕಾದ' ಅಂದರೆ ರಕ್ಷಿಸಿದ. ಪೂರ್ತಿ ವಾಕ್ಯದಲ್ಲಿ ಗೊಂದಲವೇ ಇಲ್ಲ, ವಿಭಕ್ತಿ ಪ್ರತ್ಯಯವೇ ಅರ್ಥ ಹೇಳಿಬಿಡುತ್ತದೆ. ಆದರೆ 'ಕಾದ' ಎಂಬ ಕೃದಂತವನ್ನು 'ನೀರು' ಪದದ ಹಿಂದೆ ಇಟ್ಟ ಕೂಡಲೇ ಆ 'ಗೆ'ಯೂ ಹೋಗುತ್ತದೆ, 'ಅನ್ನು' ಕೂಡ ಹೋಗುತ್ತದೆ. ಎರಡು ಅರ್ಥ ಹುಟ್ಟುವುದು ಆ ಖಾಲಿ ಜಾಗದಲ್ಲಿ. ಹಾಗಂತ ಎಲ್ಲ ಅರ್ಥಕ್ಕೂ ಅಲ್ಲಿ ಜಾಗವಿಲ್ಲ. "ಬಿಸಿನೀರಾ?" ಎಂದು ಹಾಸ್ಟೆಲಿನ ಒಬ್ಬ ಕೇಳಿದ. ನೀರು ತಾನಾಗಿ ಕಾಯುತ್ತದೆ, ಅಪ್ಪ ಅದನ್ನು ಕಾಯಿಸಬೇಕು. ಆ ಅರ್ಥ ಬೇಕಿದ್ದರೆ 'ಅಪ್ಪ ಕಾಯಿಸಿದ ನೀರು' ಆಗಬೇಕಿತ್ತು. ಹಾಗಾಗಿ ಮೂರನೆಯ ಅರ್ಥ ಬಿದ್ದುಹೋಯಿತು, ಎರಡು ಉಳಿದವು.

ಆಮೇಲೆ ಇಡೀ ಕವಿತೆಯ ಜೊತೆ ಇಟ್ಟು ನೋಡಿದೆವು. ಈ ಸಾಲಿಗಿಂತ ಮೊದಲು ಒಣಗಿದ ಕಾಲುವೆಯ ಪಕ್ಕ ಗುದ್ದಲಿ ಹಿಡಿದು ಕೂತ ಅಪ್ಪ ಇದ್ದಾನೆ. ಈ ಸಾಲಿನ ನಂತರ ಮೇಲಿನ ಗದ್ದೆಯ ಬದುವಿನ ಮೇಲೆ ಯಾರದೋ ಟಾರ್ಚ್ ಬೆಳಕು ಓಡಾಡುತ್ತದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರದಿ ರಾತ್ರಿ ಬಂದರೆ ರಾತ್ರಿಯೇ ಹೋಗಬೇಕು, ಬಂದ ನೀರನ್ನು ಮೇಲಿನವರು ತಿರುಗಿಸಿಕೊಳ್ಳದ ಹಾಗೆ ನೋಡಿಕೊಳ್ಳಬೇಕು. ಒಣ ಕಾಲುವೆಯ ಸಾಲು ತೆಗೆದರೆ ಎದುರುನೋಡುವ ಅರ್ಥಕ್ಕೆ ಆಸರೆ ಹೋಗುತ್ತದೆ. ಟಾರ್ಚ್ ತೆಗೆದರೆ ಕಾವಲಿನ ಅರ್ಥ ಸೊರಗುತ್ತದೆ. ಅವನು ಎರಡನ್ನೂ ಇಟ್ಟಿದ್ದಾನೆ, ಅಂದರೆ ಎರಡೂ ಬೇಕು.

ಅದೇ ಕವಿತೆಯಲ್ಲಿ ಇನ್ನೊಂದು ಕಡೆ 'ಅವನ ಗದ್ದೆಗೆ ನೀರು ಹೋಯಿತು' ಅಂತಿತ್ತು. ಅವನು ಅಂದರೆ ಅಪ್ಪನೋ, ಪಕ್ಕದವನೋ? ಕೇಳಿದ ತಕ್ಷಣ ಗೆಳೆಯ 'ಪಕ್ಕದವನ' ಎಂದು ತಿದ್ದಿದ. ತಿದ್ದಿದ್ದರಿಂದ ಏನೂ ಕಳೆಯಲಿಲ್ಲ, ಸಾಲು ಚೆನ್ನಾಯಿತು. ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ಅಸ್ಪಷ್ಟತೆ ತಪ್ಪಾಗಿದ್ದರೆ ತಿದ್ದಿದಾಗ ಲಾಭ. ಬೇಕೆಂದೇ ಇಟ್ಟದ್ದಾದರೆ ಯಾವ ಕಡೆಗೆ ತಿದ್ದಿದರೂ ನಷ್ಟ.

ಇದು ನಾವು ಕಂಡುಹಿಡಿದದ್ದೇನಲ್ಲ. ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಕಾವ್ಯದ ಹತ್ತು ದೋಷಗಳನ್ನು ಪಟ್ಟಿ ಮಾಡುವಾಗ 'ಸಸಂಶಯ' ಎಂಬುದನ್ನೂ ಸೇರಿಸುತ್ತಾನೆ. ಖಚಿತವಾಗಿ ಹೇಳಬೇಕಾದ ಕಡೆ ಆಡಿದ ಮಾತು ಅನುಮಾನ ಹುಟ್ಟಿಸಿದರೆ ಅದು ದೋಷ. ಆದರೆ ಅನುಮಾನ ಹುಟ್ಟಿಸಲೆಂದೇ ಆಡಿದ್ದರೆ ಅದು ದೋಷವಲ್ಲ, ಅಲಂಕಾರವೇ ಎಂದು ಅವನೇ ಹೇಳುತ್ತಾನೆ. ನಮ್ಮ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಬಹಳಷ್ಟು ಆಧರಿಸಿರುವುದು ಈ ದಂಡಿಯ ಪುಸ್ತಕವನ್ನೇ.

ಇಷ್ಟಾದ ಮೇಲೆ ತಿದ್ದುವವರಿಗೆ ಉಳಿಯುವ ಕೆಲಸ ಸಣ್ಣದು, ಆದರೆ ಎಚ್ಚರದ್ದು. ಕರಡು ನೋಡುತ್ತಿದ್ದವರು 'ಕಾದ' ಇದ್ದದ್ದನ್ನು 'ಕಾಯ್ದ' ಮಾಡಲು ಹೊರಟಿದ್ದರು. ಕಾಯ್ದ ಅಂದರೆ ಓದುಗರ ಮನಸ್ಸು ಕಾವಲಿನ ಕಡೆಗೇ ವಾಲುತ್ತದೆ. ಅದನ್ನು ತಡೆದೆವು. ಅಡಿಟಿಪ್ಪಣಿ ಹಾಕೋಣವೇ ಎಂಬ ಮಾತೂ ಬಂತು. ಟಿಪ್ಪಣಿಯಲ್ಲಿ ಯಾವ ಅರ್ಥವನ್ನು ಮೊದಲು ಬರೆದರೂ ಅದೇ ಮುಖ್ಯ ಅನ್ನಿಸುತ್ತದೆ, ಹಾಗಾಗಿ ಹಾಕಲಿಲ್ಲ. ಗೋಷ್ಠಿಯಲ್ಲಿ ಓದುವವರಿಗೆ ಸಾಲನ್ನು ಒಂದೇ ಉಸಿರಿನಲ್ಲಿ ಓದಿ, ಯಾವ ಪದವನ್ನೂ ಒತ್ತಬೇಡಿ ಅಂದೆವು.

ಕಷ್ಟವಾದದ್ದು ಇಂಗ್ಲಿಷ್ ಅನುವಾದದಲ್ಲಿ. ಅಲ್ಲಿ 'ವೇಟ್' ಬೇರೆ, 'ಗಾರ್ಡ್' ಬೇರೆ. 'ವಾಚ್' ಹತ್ತಿರದ ಪದ, ಆದರೆ ಅದರ ಮುಂದೆ 'ಫಾರ್' ಇಟ್ಟರೆ ಎದುರುನೋಟ, 'ಓವರ್' ಇಟ್ಟರೆ ಕಾವಲು. ನಾವು ಕನ್ನಡ ಮಾಡುವುದನ್ನೇ ಮಾಡಿದೆವು. ಆ ಚಿಕ್ಕ ಪದವನ್ನೇ ಬಿಟ್ಟು, ಅಪ್ಪ ರಾತ್ರಿಯೆಲ್ಲ 'ಕೆಪ್ಟ್ ವಾಚ್' ಎಂದು ನಿಲ್ಲಿಸಿ, ನೀರನ್ನು ಮುಂದಿನ ಸಾಲಿಗೆ ತಂದೆವು. ಅನುವಾದದಲ್ಲಿ 'ಅಪ್ಪ ಕಾದ ನೀರು' ಎಂಬ ಬಿಗಿ ಹೋಯಿತು. ಎರಡು ಅರ್ಥ ಮಾತ್ರ ಉಳಿದವು. ಬಿಗಿ ಹೋದರೆ ಹೋಗಲಿ, ಅರ್ಥ ಬುಡಬ್ಯಾಡಿ ಅಂದ ಗೆಳೆಯ.